ಆದಾಯಕ್ಕೆ ಕೊಂಡ ಬಾಂಡು, ಬಡ್ಡಿ ಇಳಿಸಿದ ಕಥೆ



'ಕೇಂದ್ರ ಬ್ಯಾಂಕ್ ಇಷ್ಟು ಸಾವಿರ ಕೋಟಿಯ ಬಾಂಡ್ ಖರೀದಿ ಮಾಡಲಿದೆ' ಅನ್ನೋ ಸುದ್ದಿ ನಿಮ್ಮ ಫೋನಿಗೂ ಆಗಾಗ ಬರುತ್ತೆ. ಅದರ ಕೆಳಗೇ ಬಾಂಡ್ ಬೆಲೆ ಏರಿತು, ಬಡ್ಡಿ ಇಳಿಯಿತು ಅಂತ ಇನ್ನೆರಡು ಸಾಲು ಇರುತ್ತೆ. ಖರೀದಿ ಮಾಡಿದ್ದು ಬಾಂಡು, ಇಳಿದದ್ದು ಬ್ಯಾಂಕುಗಳು ಒಂದು ರಾತ್ರಿಗೆ ಪಡೆಯೋ ಸಾಲದ ಬಡ್ಡಿ. ಇವೆರಡಕ್ಕೂ ಏನು ನಂಟು?

ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಈ ನಂಟು ಮೊದಲೇ ಗೊತ್ತಿತ್ತು. ಅಮೆರಿಕದ ಕೇಂದ್ರ ಬ್ಯಾಂಕಿಗೆ ಮಾತ್ರ ಇದು ಅರ್ಥವಾದದ್ದು 1922ರಲ್ಲಿ, ಅದೂ ಬೇರೆ ಏನನ್ನೋ ಮಾಡೋಕೆ ಹೋಗಿ. ಅವರು ಬಡ್ಡಿ ಇಳಿಸೋಕೆ ಹೊರಟಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದಿಷ್ಟು ಆದಾಯ.

ಗಿರಾಕಿಗಳೇ ಬರದ ಬ್ಯಾಂಕುಗಳು

ಮೊದಲು ಆಗಿನ ವ್ಯವಸ್ಥೆ ನೋಡೋಣ. ಅಮೆರಿಕದ ಫೆಡರಲ್ ರಿಸರ್ವ್ ಕಾನೂನಿಗೆ ಸಹಿ ಬಿದ್ದದ್ದು 1913ರ ಡಿಸೆಂಬರ್‌ನಲ್ಲಿ. ಅದರ ಪ್ರಕಾರ ಒಂದಲ್ಲ, ಹನ್ನೆರಡು ರಿಸರ್ವ್ ಬ್ಯಾಂಕುಗಳು ಹುಟ್ಟಿಕೊಂಡವು. ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ, ಡಲ್ಲಾಸ್ ಹೀಗೆ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು. ಪ್ರತಿಯೊಂದಕ್ಕೂ ಅದರದೇ ಗವರ್ನರ್, ಅದರದೇ ಲೆಕ್ಕಪುಸ್ತಕ, ಅದರದೇ ಖರ್ಚು. ವಾಷಿಂಗ್ಟನ್ನಿನಲ್ಲಿ ಒಂದು ಮಂಡಳಿ ಇತ್ತು, ಆದರೆ ದಿನನಿತ್ಯದ ವ್ಯವಹಾರದಲ್ಲಿ ಹನ್ನೆರಡೂ ತಮ್ಮ ಪಾಡಿಗೆ ತಾವು ನಡೀತಿದ್ವು.

ಆದಾಯ ಬರ್ತಿದ್ದದ್ದು ಮುಖ್ಯವಾಗಿ ಒಂದೇ ದಾರಿಯಲ್ಲಿ. ಊರಿನ ಬ್ಯಾಂಕಿಗೆ ಹಣ ಸಾಲದೆ ಬಂದಾಗ ಅದು ತನ್ನ ರಿಸರ್ವ್ ಬ್ಯಾಂಕಿನ ಬಾಗಿಲು ತಟ್ಟಿ, ತನ್ನಲ್ಲಿದ್ದ ವ್ಯಾಪಾರಿ ಹುಂಡಿಗಳನ್ನೋ ಸರ್ಕಾರಿ ಪತ್ರಗಳನ್ನೋ ಕೊಟ್ಟು ಸಾಲ ಪಡೀತಿತ್ತು. ಇದಕ್ಕೆ ಡಿಸ್ಕೌಂಟ್ ಸಾಲ ಅಂತಿದ್ರು. ಅದರ ಬಡ್ಡಿಯೇ ರಿಸರ್ವ್ ಬ್ಯಾಂಕಿನ ಸಂಪಾದನೆ.

ಮೊದಲ ಮಹಾಯುದ್ಧ ಮುಗಿದ ಮೇಲೆ ಬೆಲೆಗಳು ಗಗನಕ್ಕೇರಿದ್ವು. 1920ರಲ್ಲಿ ನ್ಯೂಯಾರ್ಕ್ ರಿಸರ್ವ್ ಬ್ಯಾಂಕ್ ಡಿಸ್ಕೌಂಟ್ ದರವನ್ನ 7%ಗೆ ಏರಿಸಿತು. ಆ ವರ್ಷ ದೇಶದ ಬ್ಯಾಂಕುಗಳೆಲ್ಲ ಸೇರಿ ರಿಸರ್ವ್ ಬ್ಯಾಂಕುಗಳಿಗೆ ಕೊಡಬೇಕಿದ್ದ ಸಾಲ 250 ಕೋಟಿ ಡಾಲರ್‌ಗಿಂತ ಹೆಚ್ಚಿತ್ತು. ಆಮೇಲೆ ಬಂತು 1920-21ರ ಕುಸಿತ. ಧಾನ್ಯದ ಬೆಲೆ, ಹತ್ತಿಯ ಬೆಲೆ ನೆಲಕಚ್ಚಿತು, ಕಾರ್ಖಾನೆಗಳು ಬಾಗಿಲು ಹಾಕಿದ್ವು. ವ್ಯಾಪಾರವೇ ಇಲ್ಲದಾಗ ಸಾಲ ಯಾರಿಗೆ ಬೇಕು? ಜೊತೆಗೆ ಯುರೋಪಿನಿಂದ ಚಿನ್ನ ಹರಿದು ಬರ್ತಿತ್ತು. ಬ್ಯಾಂಕುಗಳು ಆ ಚಿನ್ನವನ್ನ ರಿಸರ್ವ್ ಬ್ಯಾಂಕಿಗೆ ಕೊಟ್ಟು ಹಳೇ ಸಾಲ ತೀರಿಸ್ತಾ ಹೋದವು. 1922ರ ಮಧ್ಯದ ಹೊತ್ತಿಗೆ ಆ ದೊಡ್ಡ ಸಾಲದ ಬೆಟ್ಟ ಕರಗಿ 50 ಕೋಟಿ ಡಾಲರ್‌ಗಿಂತ ಕೆಳಕ್ಕೆ ಬಂದಿತ್ತು.

ಈಗ ರಿಸರ್ವ್ ಬ್ಯಾಂಕುಗಳ ಕಷ್ಟ ಯೋಚಿಸಿ. ಸಿಬ್ಬಂದಿಗೆ ಸಂಬಳ ಕೊಡಬೇಕು, ಸದಸ್ಯ ಬ್ಯಾಂಕುಗಳಿಗೆ ವರ್ಷಕ್ಕೆ 6% ಡಿವಿಡೆಂಡ್ ಕೊಡಬೇಕು, ಆದರೆ ಸಾಲ ಕೇಳಿ ಬರೋರಿಲ್ಲ. ಹಾಗಾಗಿ ಒಂದೊಂದೇ ಬ್ಯಾಂಕು ಮಾರುಕಟ್ಟೆಗೆ ಹೋಗಿ ಬಡ್ಡಿ ಬರುವ ಸರ್ಕಾರಿ ಬಾಂಡ್ ಕೊಳ್ಳೋಕೆ ಶುರು ಮಾಡಿತು. 1921ರ ಅಕ್ಟೋಬರ್‌ನಿಂದ 1922ರ ಮೇ ತಿಂಗಳ ನಡುವೆ ಹೀಗೆ ಕೊಂಡದ್ದು ಸುಮಾರು 40 ಕೋಟಿ ಡಾಲರ್ ಮೌಲ್ಯದ ಪತ್ರಗಳು.

ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಯ್ತು

ಲೆಕ್ಕ ಮಾಡಿ ನೋಡಿದಾಗ ವಿಚಿತ್ರ ಕಾಣಿಸಿತು. ಹನ್ನೆರಡೂ ಬ್ಯಾಂಕುಗಳ ಲೆಕ್ಕ ಕೂಡಿಸಿದರೆ, ಬಾಂಡಿನ ಮೊತ್ತ ಎಷ್ಟು ಏರಿತ್ತೋ ಹೆಚ್ಚುಕಡಿಮೆ ಅಷ್ಟೇ ಡಿಸ್ಕೌಂಟ್ ಸಾಲ ಇಳಿದಿತ್ತು. ಬಡ್ಡಿ ತರುವ ಒಟ್ಟು ಆಸ್ತಿ ಹೆಚ್ಚಾಗಿರಲಿಲ್ಲ. ಆದಾಯಕ್ಕೆ ಅಂತ ಕೊಂಡ ಬಾಂಡು, ಇದ್ದ ಆದಾಯವನ್ನೇ ತಿಂದು ಹಾಕ್ತಿತ್ತು.

ಹೇಗೆ ಅಂತ ಒಂದು ಉದಾಹರಣೆ ಹಿಡಿದು ನಿಧಾನವಾಗಿ ನೋಡೋಣ. ಇಲ್ಲಿನ ಮೊತ್ತಗಳು ಅರ್ಥವಾಗಲಿ ಅಂತ ನಾನು ಆರಿಸಿಕೊಂಡವು.

ಡಲ್ಲಾಸಿನ ರಿಸರ್ವ್ ಬ್ಯಾಂಕು ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ 10 ಲಕ್ಷ ಡಾಲರ್‌ನ ಬಾಂಡ್ ಕೊಳ್ಳುತ್ತೆ ಅಂದ್ಕೊಳ್ಳಿ. ಮಾರಿದವನು ಒಬ್ಬ ಬಾಂಡ್ ದಲ್ಲಾಳಿ. ನಾವು ನೀವು ಏನಾದರೂ ಕೊಂಡರೆ ನಮ್ಮ ಖಾತೆಯಿಂದ ಹಣ ಹೋಗಿ ಇನ್ನೊಬ್ಬರ ಖಾತೆಗೆ ಸೇರುತ್ತೆ, ಬ್ಯಾಂಕುಗಳಲ್ಲಿರೋ ಒಟ್ಟು ಹಣ ಅಷ್ಟೇ ಇರುತ್ತೆ. ಆದರೆ ಕೇಂದ್ರ ಬ್ಯಾಂಕು ಕೊಟ್ಟ ಚೆಕ್ಕು ಬೇರೆ ಯಾರ ಖಾತೆಯಿಂದಲೂ ಕಡಿತ ಆಗಲ್ಲ. ದಲ್ಲಾಳಿ ಆ ಚೆಕ್ಕನ್ನ ತನ್ನ ನ್ಯೂಯಾರ್ಕ್ ಬ್ಯಾಂಕಿಗೆ ಹಾಕ್ತಾನೆ. ಅವನ ಠೇವಣಿ 10 ಲಕ್ಷ ಏರುತ್ತೆ. ಅವನ ಬ್ಯಾಂಕು ಆ ಚೆಕ್ಕನ್ನ ರಿಸರ್ವ್ ವ್ಯವಸ್ಥೆಗೆ ಕಳಿಸಿದಾಗ, ರಿಸರ್ವ್ ಬ್ಯಾಂಕಿನಲ್ಲಿರೋ ಆ ಬ್ಯಾಂಕಿನ ಖಾತೆಗೆ 10 ಲಕ್ಷ ಜಮೆ ಆಗುತ್ತೆ. ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಇಟ್ಟಿರೋ ಈ ಜಮೆಗೇ ಮೀಸಲು ಅಂತ ಹೆಸರು. ಅಂದರೆ ಬಾಂಡ್ ಖರೀದಿ ಹೊಸ ಮೀಸಲನ್ನ ಹುಟ್ಟಿಸಿತು.

ಆಗಿನ ಕಾನೂನಿನಂತೆ ನ್ಯೂಯಾರ್ಕ್‌ನ ಬ್ಯಾಂಕು, ಕೇಳಿದ ತಕ್ಷಣ ಕೊಡಬೇಕಾದ ಠೇವಣಿಯ 13% ಮೀಸಲು ಇಡಬೇಕಿತ್ತು. ಹೊಸ 10 ಲಕ್ಷ ಠೇವಣಿಗೆ 1 ಲಕ್ಷದ 30 ಸಾವಿರ ಸಾಕು. ಉಳಿದ 8 ಲಕ್ಷದ 70 ಸಾವಿರ ಡಾಲರ್ ಕೈಯಲ್ಲಿ ಹೆಚ್ಚುವರಿ. ಅದಕ್ಕೆ ರಿಸರ್ವ್ ಬ್ಯಾಂಕು ಒಂದು ಪೈಸೆ ಬಡ್ಡಿಯನ್ನೂ ಕೊಡ್ತಿರಲಿಲ್ಲ.

ಈಗ ಆ ಬ್ಯಾಂಕಿನ ಮ್ಯಾನೇಜರ್ ಏನು ಮಾಡ್ತಾನೆ? ಅವನ ತಲೆ ಮೇಲೆ ರಿಸರ್ವ್ ಬ್ಯಾಂಕಿನ ಸಾಲ ಇದ್ದರೆ ಮೊದಲು ಅದನ್ನ ತೀರಿಸ್ತಾನೆ. ಬಡ್ಡಿ ಉಳಿಯುತ್ತೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಮಾನದ್ದು. ರಿಸರ್ವ್ ಬ್ಯಾಂಕಿನಲ್ಲಿ ಸದಾ ಸಾಲಗಾರನಾಗಿರೋದು ಬ್ಯಾಂಕಿಗೆ ಶೋಭೆ ಅಲ್ಲ ಅನ್ನೋ ಭಾವನೆ ಆಗ ಗಟ್ಟಿಯಾಗಿತ್ತು. ರಿಸರ್ವ್ ಬ್ಯಾಂಕಿನವರೂ ಹಾಗೆ ಕೂತವರನ್ನ ವಿಚಾರಿಸ್ತಿದ್ರು.

ಅವನಿಗೆ ಸಾಲವೇ ಇಲ್ಲ ಅಂದ್ಕೊಳ್ಳಿ. ಆಗ ಹೆಚ್ಚುವರಿಯನ್ನ ಮೀಸಲು ಕಡಿಮೆ ಬಿದ್ದ ಇನ್ನೊಂದು ಬ್ಯಾಂಕಿಗೆ ಒಂದು ದಿನಕ್ಕೆ ಕೊಡ್ತಾನೆ. ಇಂಥ ಕೊಡು-ಕೊಳ್ಳುವಿಕೆ ನ್ಯೂಯಾರ್ಕ್‌ನಲ್ಲಿ ಆಗಷ್ಟೇ, 1921ರ ಸುಮಾರಿಗೆ, ಶುರುವಾಗಿತ್ತು. ಪಡೆದ ಬ್ಯಾಂಕು ತನ್ನ ಡಿಸ್ಕೌಂಟ್ ಸಾಲ ತೀರಿಸುತ್ತೆ. ದಾರಿ ಯಾವುದೇ ಇರಲಿ, ಎಲ್ಲೋ ಒಂದು ಕಡೆ ರಿಸರ್ವ್ ಬ್ಯಾಂಕಿನ ಸಾಲ ಕಡಿಮೆಯಾಗುತ್ತೆ.

ಡಲ್ಲಾಸಿನವರು ಕೊಂಡರು, ಅದರಿಂದ ಗಿರಾಕಿ ಕಳಕೊಂಡದ್ದು ನ್ಯೂಯಾರ್ಕ್ ರಿಸರ್ವ್ ಬ್ಯಾಂಕು. ನಾಳೆ ಬಾಸ್ಟನ್ನಿನವರು ಕೊಂಡರೂ ಅದೇ ಕಥೆ. ಒಂದೇ ಬಾವಿಯ ನೀರಿಗೆ ಹನ್ನೆರಡು ಮಂದಿ ಬೇರೆ ಬೇರೆ ಕೊಡ ಹಿಡಿದು ನಿಂತ ಹಾಗೆ. ಮೀಸಲು ಅನ್ನೋದು ಒಂದೊಂದು ಪ್ರಾಂತ್ಯದ ಆಸ್ತಿ ಅಲ್ಲ, ಇಡೀ ದೇಶದ ಒಂದೇ ಕೊಳ ಅಂತ ಅವರಿಗೆ ಗೊತ್ತಾದದ್ದು ಈ ಲೆಕ್ಕದಿಂದ.

ಬೆಲೆ ಏರಿದರೆ ಬಡ್ಡಿ ಇಳಿಯೋದು ಯಾಕೆ

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ದೂರು ಬಂತು. ಆಂಡ್ರ್ಯೂ ಮೆಲನ್ ನೇತೃತ್ವದ ಖಜಾನೆ ಇಲಾಖೆಗೆ ಯುದ್ಧಕಾಲದ ಸಾಲಗಳನ್ನ ತೀರಿಸಿ ಹೊಸ ಪತ್ರ ಹೊರಡಿಸುವ ದೊಡ್ಡ ಕೆಲಸ ಇತ್ತು. ಹನ್ನೆರಡು ಬ್ಯಾಂಕುಗಳು ಒಬ್ಬರಿಗೊಬ್ಬರು ಹೇಳದೆ ಮಾರುಕಟ್ಟೆಗೆ ನುಗ್ಗಿದಾಗ ಬಾಂಡ್ ಬೆಲೆ ಅಡ್ಡಾದಿಡ್ಡಿ ಆಗ್ತಿತ್ತು. ಹೊಸ ಪತ್ರಕ್ಕೆ ಎಷ್ಟು ಬಡ್ಡಿ ಇಡೋದು ಅಂತ ಇಲಾಖೆಗೆ ತಿಳೀತಿರಲಿಲ್ಲ.

ಬೆಲೆಗೂ ಬಡ್ಡಿಗೂ ಇರೋ ಸಂಬಂಧವನ್ನ ಒಂದು ನಿಮಿಷದಲ್ಲಿ ಹೇಳ್ತೀನಿ. ಒಂದು ವರ್ಷದ ನಂತರ 104 ಡಾಲರ್ ಕೊಡುವ ಪತ್ರ ಇದೆ. ಅದನ್ನ ನೀವು 100ಕ್ಕೆ ಕೊಂಡರೆ ನಿಮಗೆ ಸಿಗೋದು 4%. ದೊಡ್ಡ ಗಿರಾಕಿಯೊಬ್ಬ ಬಂದು ಬೆಲೆ 101ಕ್ಕೆ ಏರಿತು ಅನ್ನಿ. ಪತ್ರ ಕೊಡೋದು ಆಗಲೂ 104 ಮಾತ್ರ, ಹಾಗಾಗಿ ನಿಮ್ಮ ಗಳಿಕೆ 2.97%ಗೆ ಇಳಿಯುತ್ತೆ. ಪತ್ರದ ಮೇಲೆ ಮುದ್ರಿಸಿದ ಬಡ್ಡಿ ಬದಲಾಗಿಲ್ಲ, ಕೊಳ್ಳುವ ಬೆಲೆ ಬದಲಾಗಿದೆ ಅಷ್ಟೆ. ಈ ಗಳಿಕೆಯ ದರಕ್ಕೇ ಯೀಲ್ಡ್ ಅನ್ನೋದು.

ಅವಧಿ ಉದ್ದ ಆದಂತೆ ಲೆಕ್ಕ ಬದಲಾಗುತ್ತೆ. ವರ್ಷಕ್ಕೆ 4.25 ಡಾಲರ್ ಕೊಡುವ, ಹತ್ತು ವರ್ಷದ, 100 ಡಾಲರ್ ಮುಖಬೆಲೆಯ ಬಾಂಡಿನ ಬೆಲೆ 102ಕ್ಕೆ ಏರಿದರೆ ಯೀಲ್ಡ್ ಇಳಿಯೋದು 4%ಗೆ ಮಾತ್ರ, ಅಂದರೆ ಕಾಲು ಶೇಕಡಾ. ಇದನ್ನೇ ತಿರುಗಿಸಿ ನೋಡಿ. ದೀರ್ಘ ಬಾಂಡಿನ ಯೀಲ್ಡ್ ಸ್ವಲ್ಪ ಅಲ್ಲಾಡಿದರೂ ಬೆಲೆ ಜೋರಾಗಿ ಅಲ್ಲಾಡುತ್ತೆ. ಯುದ್ಧಕಾಲದಲ್ಲಿ ಜನಸಾಮಾನ್ಯರು ದೇಶಭಕ್ತಿಯಿಂದ 100 ಡಾಲರ್ ಕೊಟ್ಟು ಕೊಂಡಿದ್ದ 4.25%ರ ಕೆಲವು ಲಿಬರ್ಟಿ ಬಾಂಡುಗಳು, 1920ರಲ್ಲಿ ಬಡ್ಡಿ ದರ ಏರಿದಾಗ 85 ಡಾಲರಿಗೂ ಕೆಳಗೆ ಬಿದ್ದಿದ್ವು. ಅವಸರಕ್ಕೆ ಮಾರಿದವರಿಗೆ ನಷ್ಟ. ಬಡ್ಡಿ ಇಳೀತಾ ಬಂದ 1922ರಲ್ಲಿ ಅವು ಮತ್ತೆ 100ರ ಹತ್ತಿರ ಬಂದ್ವು. ಸರ್ಕಾರಕ್ಕೆ ಈ ಅಂಗಡಿಯ ಗಲಾಟೆ ಯಾಕೆ ನುಂಗಲಾರದ ತುತ್ತಾಗಿತ್ತು ಅಂತ ಈಗ ಗೊತ್ತಾಯ್ತಲ್ಲ?

ಸಮಿತಿ ಬಂತು, ಉಲ್ಟಾ ಪರೀಕ್ಷೆಯೂ ಆಯ್ತು

1922ರ ಮೇ ತಿಂಗಳಲ್ಲಿ ಗವರ್ನರುಗಳು ಕೂತು ಒಂದು ಸಮಿತಿ ಮಾಡಿದರು. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಷಿಕಾಗೊ ಗವರ್ನರುಗಳು ಅದರಲ್ಲಿದ್ದರು. ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಸೇರಿತು. ಹನ್ನೆರಡೂ ಬ್ಯಾಂಕುಗಳ ಖರೀದಿ-ಮಾರಾಟ ಒಂದೇ ಕೈಯಲ್ಲಿ, ನ್ಯೂಯಾರ್ಕ್ ಮೂಲಕ ಆಗಬೇಕು ಅನ್ನೋದು ಒಪ್ಪಂದ. ಇದರ ಹಿಂದಿನ ಬಲವಾದ ವ್ಯಕ್ತಿ ನ್ಯೂಯಾರ್ಕ್ ಗವರ್ನರ್ ಬೆಂಜಮಿನ್ ಸ್ಟ್ರಾಂಗ್.

ಆದರೆ ಒಂದು ಸಂಶಯ ಉಳೀತು. ಸಾಲ ಇಳಿದದ್ದು ನಿಜವಾಗಿ ಬಾಂಡ್ ಖರೀದಿಯಿಂದಲೇ, ಅಥವಾ ಚಿನ್ನ ಬಂದದ್ದರಿಂದಲೇ? ಚಿನ್ನವೂ ಮೀಸಲನ್ನ ಹೆಚ್ಚಿಸ್ತಿತ್ತಲ್ಲ. ಎರಡೂ ಒಟ್ಟಿಗೆ ನಡೀವಾಗ ಯಾವುದರ ಪಾಲೆಷ್ಟು ಅಂತ ಹೇಳೋದು ಕಷ್ಟ.

ಉತ್ತರ ಸಿಕ್ಕಿದ್ದು ಉಲ್ಟಾ ಪ್ರಯೋಗದಿಂದ. 1922ರ ಮಧ್ಯದಿಂದ 1923ರವರೆಗೆ ಅವರು ಬಾಂಡುಗಳನ್ನ ಮಾರ್ತಾ ಬಂದರು. ಈಗ ಎಲ್ಲ ತಲೆಕೆಳಗು. ಕೊಂಡವನು ತನ್ನ ಬ್ಯಾಂಕಿನ ಮೇಲೆ ಚೆಕ್ ಕೊಡ್ತಾನೆ, ರಿಸರ್ವ್ ಬ್ಯಾಂಕು ಅಷ್ಟನ್ನ ಆ ಬ್ಯಾಂಕಿನ ಮೀಸಲು ಖಾತೆಯಿಂದ ಕಳೆಯುತ್ತೆ, ಆ ಮೀಸಲು ಮಾಯ ಆಗುತ್ತೆ. ಕಾನೂನಿನ ಮಟ್ಟ ಉಳಿಸ್ಕೊಳ್ಳೋಕೆ ಬ್ಯಾಂಕು ಮತ್ತೆ ಡಿಸ್ಕೌಂಟ್ ಕಿಟಕಿಗೆ ಬರಲೇಬೇಕು. ಚಿನ್ನ ಒಳಗೆ ಬರ್ತಾನೇ ಇದ್ದರೂ ಬ್ಯಾಂಕುಗಳ ಸಾಲ ಏರಿತು. ಹಾಗಾಗಿ ಇದು ಬರೀ ಚಿನ್ನದ ಮಾಯೆ ಅಲ್ಲ ಅಂತ ಖಾತ್ರಿ ಆಯ್ತು. 1923ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಮಂಡಳಿ ಹಳೇ ಸಮಿತಿಯನ್ನ ರದ್ದು ಮಾಡಿ, ಅದೇ ಐವರನ್ನ ತನ್ನ ಮೇಲ್ವಿಚಾರಣೆಯ ಹೊಸ ಸಮಿತಿಯಾಗಿ ನೇಮಿಸಿತು. ಇನ್ನು ಮೇಲೆ ಖರೀದಿಗೆ ಅಳತೆಗೋಲು ಬ್ಯಾಂಕಿನ ಆದಾಯ ಅಲ್ಲ, ವ್ಯಾಪಾರ ಮತ್ತು ದೇಶದ ಸಾಲದ ಸ್ಥಿತಿ ಅಂತ ಬರೆದಿಟ್ಟರು. ಇಂಥ ಖರೀದಿ-ಮಾರಾಟಕ್ಕೆ ಮುಕ್ತ ಮಾರುಕಟ್ಟೆ ಕಾರ್ಯಾಚರಣೆ ಅನ್ನೋ ಹೆಸರು ಇವತ್ತಿಗೂ ಇದೆ.

1924: ಬೇಕಂತಲೇ ಕೊಂಡಾಗ

ಮುಂದಿನ ವರ್ಷ ಮತ್ತೆ ವ್ಯಾಪಾರ ಕುಗ್ಗಿತು. ಈ ಸಲ ಸ್ಟ್ರಾಂಗ್ ಬಳಗಕ್ಕೆ ತಾವು ಏನು ಮಾಡ್ತಿದ್ದೇವೆ ಅಂತ ಗೊತ್ತಿತ್ತು. 1924ರಲ್ಲಿ ಅವರು ಸುಮಾರು 50 ಕೋಟಿ ಡಾಲರ್‌ನ ಬಾಂಡ್ ಕೊಂಡರು. ಅಮೆರಿಕದಲ್ಲಿ ಬಡ್ಡಿ ಕಡಿಮೆ ಇದ್ದರೆ ಚಿನ್ನ ಲಂಡನ್ ಕಡೆ ತಿರುಗಿ, ಬ್ರಿಟನ್ ಮತ್ತೆ ಚಿನ್ನದ ಮಾನಕ್ಕೆ ಮರಳೋಕೆ ಅನುಕೂಲ ಆಗುತ್ತೆ ಅನ್ನೋ ಲೆಕ್ಕವೂ ಸ್ಟ್ರಾಂಗ್‌ಗಿತ್ತು. ಬ್ರಿಟನ್ 1925ರ ಏಪ್ರಿಲ್‌ನಲ್ಲಿ ಮರಳಿತು ಕೂಡ.

ಖರೀದಿಯ ಹಣ ಮೊದಲು ಹೋದದ್ದು ಹಳೇ ಸಾಲ ತೀರಿಸೋಕೆ. ನ್ಯೂಯಾರ್ಕ್‌ನ ದೊಡ್ಡ ಬ್ಯಾಂಕುಗಳು ಸಾಲದಿಂದ ಹೆಚ್ಚುಕಡಿಮೆ ಮುಕ್ತ ಆದಾಗ ಅಸಲಿ ಬದಲಾವಣೆ ಶುರುವಾಯ್ತು. ಸಾಲದಲ್ಲಿರೋ ಬ್ಯಾಂಕು ಬಿಗಿಯಾಗಿರುತ್ತೆ, ಕೊಟ್ಟ ಹಣ ವಾಪಸ್ ಕರೆಯುತ್ತೆ. ಸಾಲ ತೀರಿದ ಬ್ಯಾಂಕಿಗೆ ಕೈಯಲ್ಲಿ ಬಡ್ಡಿ ಬಾರದ ಹಣ ಇದ್ದರೆ, ಅದನ್ನ ಸಂಜೆಯೊಳಗೆ ಯಾರಿಗಾದರೂ ಕೊಡಬೇಕು ಅನ್ನೋ ಆತುರ. ಎಲ್ಲರಿಗೂ ಅದೇ ಆತುರ ಬಂದಾಗ ಪಡೆಯೋರು ಕಡಿಮೆ, ಕೊಡೋರು ಜಾಸ್ತಿ. 1924ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಕೇಳಿದಾಗ ಮರಳಿಸಬೇಕಾದ ದಿನಸಾಲದ ಬಡ್ಡಿ 2%ರ ಆಸುಪಾಸಿಗೆ ಬಂದಿತ್ತು. ರಿಸರ್ವ್ ಬ್ಯಾಂಕಿನ ಡಿಸ್ಕೌಂಟ್ ದರವೂ ವರ್ಷದ ಆರಂಭದ 4.5%ನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಆಗಸ್ಟ್‌ನಲ್ಲಿ 3%ಗೆ ಬಂತು.

ಇಲ್ಲಿ ಸಾಲು ಗಮನಿಸಿ. ಖರೀದಿಯಿಂದ ಮೀಸಲು ಬಂತು, ಮೀಸಲಿನಿಂದ ಸಾಲ ತೀರಿತು, ಸಾಲ ತೀರಿದ ಮೇಲೆ ದಿನಸಾಲದ ಬಡ್ಡಿ ಇಳಿಯಿತು. ದಿನಸಾಲದಲ್ಲಿ ಏನೂ ಸಿಗದಿದ್ದಾಗ ಬ್ಯಾಂಕುಗಳು ಮೂರು ತಿಂಗಳ, ಆರು ತಿಂಗಳ ಪತ್ರ, ಕೊನೆಗೆ ದೀರ್ಘ ಬಾಂಡ್ ಕೊಳ್ಳೋಕೆ ಹೋದವು. ಬಾಂಡ್ ಬೆಲೆ ಏರಿದ್ದು ಕೇಂದ್ರ ಬ್ಯಾಂಕು ಗಿರಾಕಿಯಾಗಿ ಬಂದದ್ದರಿಂದ ಅಷ್ಟೇ ಅಲ್ಲ, ಅದು ಬಿಟ್ಟು ಹೋದ ಹಣ ಜಾಗ ಹುಡುಕಿದ್ದರಿಂದಲೂ.

ಇನ್ನೊಂದು ಮಾತು. ಬ್ಯಾಂಕುಗಳೆಲ್ಲ ಸೇರಿದರೂ ತಮ್ಮೊಳಗೆ ಹಣ ಕೈ ಬದಲಾಯಿಸಿ ಒಟ್ಟು ಮೀಸಲನ್ನ ಕಡಿಮೆ ಮಾಡೋಕೆ ಆಗಲ್ಲ. ಒಬ್ಬ ಕೊಟ್ಟರೆ ಇನ್ನೊಬ್ಬನ ಖಾತೆಗೆ ಬರುತ್ತೆ. ಮೀಸಲು ಹೊರಗೆ ಹೋಗೋಕೆ ಇದ್ದದ್ದು ಕೆಲವೇ ಬಾಗಿಲು: ಕೇಂದ್ರ ಬ್ಯಾಂಕಿನ ಸಾಲ ತೀರಿಸೋದು, ಜನ ನೋಟಾಗಿ ತೆಗೆದುಕೊಂಡು ಹೋಗೋದು, ಚಿನ್ನ ದೇಶ ಬಿಟ್ಟು ಹೋಗೋದು.

ಇದು ಎಲ್ಲಿ ಕೈಕೊಡುತ್ತೆ

ಹಾಗಾದರೆ ಎಷ್ಟು ಕೊಂಡರೆ ಅಷ್ಟು ಒಳ್ಳೆಯದೇ? 1932 ಬೇರೆ ಪಾಠ ಹೇಳಿತು. ಮಹಾಕುಸಿತದ ನಡುವೆ ಫೆಡರಲ್ ರಿಸರ್ವ್ ಕೆಲವೇ ತಿಂಗಳಲ್ಲಿ ಸುಮಾರು 100 ಕೋಟಿ ಡಾಲರ್‌ನ ಬಾಂಡ್ ಕೊಂಡಿತು, 1924ರ ಎರಡರಷ್ಟು. ಒಂದು ಪಾಲು ಹೊರಗೆ ಹೋಗ್ತಿದ್ದ ಚಿನ್ನಕ್ಕೆ ಸರಿಹೋಯ್ತು, ಒಂದು ಪಾಲು ಸಾಲ ತೀರಿಸೋಕೆ ಹೋಯ್ತು. ಉಳಿದದ್ದು ಬ್ಯಾಂಕುಗಳಲ್ಲಿ ಹೆಚ್ಚುವರಿ ಮೀಸಲಾಗಿ ಸುಮ್ಮನೆ ಕೂತಿತು. ಅಲ್ಪಾವಧಿ ಬಡ್ಡಿ ತಳ ಸೇರಿತು, ಆದರೆ ಸಾಲ ಕೊಡೋದು ಹೆಚ್ಚಲಿಲ್ಲ. ಠೇವಣಿದಾರರು ಯಾವಾಗ ಸಾಲುಗಟ್ಟಿ ಬಂದು ಹಣ ಕೇಳ್ತಾರೋ ಅನ್ನೋ ಭಯದಲ್ಲಿದ್ದ ಬ್ಯಾಂಕರ್‌ಗೆ ಆ ಮೀಸಲು ಒಂದು ಕಂಬಳಿಯಾಗಿತ್ತು, ಹೊದ್ದು ಕೂತ.

ಅಂದರೆ ಖರೀದಿಯ ಪರಿಣಾಮ ಎಷ್ಟು ಅನ್ನೋದು ಮೊದಲು ಬ್ಯಾಂಕುಗಳು ಎಲ್ಲಿದ್ವು ಅನ್ನೋದರ ಮೇಲೆ ನಿಂತಿದೆ. ಮೀಸಲಿಗೆ ಬರ ಇದ್ದಾಗ ಸಣ್ಣ ಖರೀದಿಯೂ ದಿನಸಾಲದ ಬಡ್ಡಿಯನ್ನ ಅಲ್ಲಾಡಿಸುತ್ತೆ. ಮೀಸಲು ತುಂಬಿ ತುಳುಕ್ತಿರುವಾಗ ಇನ್ನೂ ಸುರಿದರೂ ಆ ಬಡ್ಡಿ ಜಾಗ ಬಿಟ್ಟು ಕದಲಲ್ಲ, ಯಾಕಂದ್ರೆ ಅದು ಆಗಲೇ ನೆಲ ಮುಟ್ಟಿರುತ್ತೆ.

ಆ ನೆಲ ಯಾವುದು ಅಂತ ನಮ್ಮಲ್ಲೇ ನೋಡಿದ್ದೀವಿ. 2021ರ ಏಪ್ರಿಲ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಮೂರು ತಿಂಗಳಲ್ಲಿ 1 ಲಕ್ಷ ಕೋಟಿ ರೂಪಾಯಿಯ ಸರ್ಕಾರಿ ಬಾಂಡ್ ಕೊಳ್ಳುವ ಜಿ-ಸ್ಯಾಪ್ ಘೋಷಿಸಿತು. ಏಪ್ರಿಲ್ 15ರ ಮೊದಲ ಖರೀದಿ 25,000 ಕೋಟಿಯದು. ಆಗ ರೆಪೊ ದರ 4%, ರಿವರ್ಸ್ ರೆಪೊ 3.35%. ಬ್ಯಾಂಕುಗಳು ತಮ್ಮ ಹೆಚ್ಚುವರಿ ಹಣವನ್ನ ರಿಸರ್ವ್ ಬ್ಯಾಂಕಿನಲ್ಲೇ ಇಟ್ಟು 3.35% ಪಡೆಯಬಹುದಿತ್ತು. ಹಣ ಅಷ್ಟು ಹೇರಳವಾಗಿದ್ದರಿಂದ ದಿನಸಾಲದ ದರ 4%ರ ಹತ್ತಿರ ಸುಳಿಯದೆ ಆ ನೆಲದ ಆಸುಪಾಸಿನಲ್ಲೇ ಇತ್ತು. ಹತ್ತು ವರ್ಷದ ಬಾಂಡಿನ ಯೀಲ್ಡ್ ಮಾತ್ರ 6%ರ ಸುತ್ತಮುತ್ತಲೇ ಉಳೀತು. ದೀರ್ಘ ಬಾಂಡ್ ಕೊಳ್ಳೋನು ಇವತ್ತಿನ ದಿನಸಾಲದ ದರ ನೋಡಿ ಸುಮ್ಮನಾಗಲ್ಲ. ಮುಂದೆ ಬೆಲೆ ಏರಿಕೆ ಎಷ್ಟು, ಸರ್ಕಾರ ಇನ್ನೆಷ್ಟು ಸಾಲ ಎತ್ತುತ್ತೆ, ಕೇಂದ್ರ ಬ್ಯಾಂಕು ಯಾವಾಗ ಖರೀದಿ ನಿಲ್ಲಿಸುತ್ತೆ ಅಂತಲೂ ಲೆಕ್ಕ ಹಾಕ್ತಾನೆ.

ಹಾಗಾಗಿ ಮುಂದಿನ ಸಲ ಬಾಂಡ್ ಖರೀದಿಯ ಸುದ್ದಿ ಬಂದಾಗ ಮೊತ್ತ ಒಂದನ್ನೇ ನೋಡಬೇಡಿ. ಬ್ಯಾಂಕುಗಳು ಕೇಂದ್ರ ಬ್ಯಾಂಕಿನಿಂದ ಸಾಲ ಪಡೀತಿವೆಯೋ, ಅಲ್ಲೇ ಹಣ ಇಟ್ಟು ಕೂತಿವೆಯೋ ಅಂತ ಹುಡುಕಿ. ರಿಸರ್ವ್ ಬ್ಯಾಂಕ್ ದಿನದಿನವೂ ಪ್ರಕಟಿಸುವ ಹಣ ಮಾರುಕಟ್ಟೆಯ ವರದಿಯಲ್ಲಿ ಅದು ಸಿಗುತ್ತೆ. ಸಾಲ ಪಡೀತಿದ್ದರೆ ಖರೀದಿಯ ಏಟು ದಿನಸಾಲದ ಬಡ್ಡಿಗೆ ನೇರ ತಟ್ಟುತ್ತೆ. ಹಣ ಇಟ್ಟು ಕೂತಿದ್ದರೆ, ಏನಾದರೂ ಆಗೋದಿದ್ದರೆ ಅದು ಬಾಂಡಿನ ಬೆಲೆಯಲ್ಲಿ. 1922ರಲ್ಲಿ ಹನ್ನೆರಡು ಬ್ಯಾಂಕುಗಳ ಲೆಕ್ಕ ಕೂಡಿಸಿದವರು ನೋಡಿದ್ದೂ ಇದೇ ಅಂಕಣವನ್ನ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.